ಮುನ್ನೂರಕ್ಕೆ ನಿಂತ ವಿಡಿಯೊ: ಮೊದಲ ಪ್ರೇಕ್ಷಕರು ತೀರ್ಮಾನಿಸುವುದು ಏನನ್ನು?

ಪ್ರಶ್ನೆ: ಮನೆಯ ಸಣ್ಣಪುಟ್ಟ ದುರಸ್ತಿಗಳ ಬಗ್ಗೆ ಚಿಕ್ಕ ವಿಡಿಯೊಗಳನ್ನು ಹಾಕುತ್ತೇನೆ. ಸೋರುವ ನಲ್ಲಿಗೆ ವಾಷರ್ ಬದಲಿಸುವ 25 ಸೆಕೆಂಡಿನ ವಿಡಿಯೊ ಒಂದೆರಡು ಗಂಟೆಯಲ್ಲಿ 300 ವೀಕ್ಷಣೆ ಮುಟ್ಟಿ ಅಲ್ಲೇ ನಿಂತುಬಿಟ್ಟಿತು. ಇದರ ಅರ್ಧದಷ್ಟೂ ಶ್ರಮವಿಲ್ಲದೆ ಮಾಡಿದ ಹಿಂದಿನದೊಂದು 40 ಸಾವಿರ ದಾಟಿತ್ತು. ಹೊಸ ವಿಡಿಯೊವನ್ನು ಮೊದಲು ಕೆಲವರಿಗೆ ಮಾತ್ರ ತೋರಿಸಿ ಪರೀಕ್ಷಿಸುತ್ತಾರಂತೆ, ನಿಜವೇ? ಆ ಕೆಲವರು ಯಾರು? ನನ್ನ ಖಾತೆಯನ್ನೇ ತಡೆಹಿಡಿದಿದ್ದಾರೆಯೇ? ಅಳಿಸಿ ಮತ್ತೆ ಹಾಕಲೇ?

ಉತ್ತರ: ಪರೀಕ್ಷೆ ನಡೆಯುವುದು ನಿಜ, ಅದರಲ್ಲಿ ಗುಟ್ಟೇನೂ ಇಲ್ಲ. 2024ರ ಏಪ್ರಿಲ್‌ನಲ್ಲಿ ರೀಲ್ಸ್ ಹಂಚುವ ಕ್ರಮವನ್ನು ಬದಲಿಸಿದಾಗ ಇನ್‌ಸ್ಟಾಗ್ರಾಂ ಇದನ್ನು ಬಾಯಿಬಿಟ್ಟೇ ಹೇಳಿತು. ಅರ್ಹವಾದ ವಿಡಿಯೊವನ್ನು ಮೊದಲು ಇಷ್ಟಪಡಬಹುದಾದ ಒಂದು ಸಣ್ಣ ಗುಂಪಿಗೆ ತೋರಿಸಲಾಗುತ್ತದೆ. ಆ ಗುಂಪಿನವರು ನಿಮ್ಮ ಫಾಲೋವರ್ ಆಗಿರಬೇಕೆಂದೇನೂ ಇಲ್ಲ. ಅಲ್ಲಿ ಚೆನ್ನಾಗಿ ನಡೆದವು ಸ್ವಲ್ಪ ದೊಡ್ಡ ಗುಂಪಿಗೆ ಹೋಗುತ್ತವೆ, ಅಲ್ಲಿಯೂ ಗೆದ್ದವು ಇನ್ನೂ ದೊಡ್ಡ ಗುಂಪಿಗೆ. ಉಳಿದ ವೇದಿಕೆಗಳ ವಿವರಗಳು ಬೇರೆ ಇರಬಹುದು, ಬೆನ್ನೆಲುಬು ಹೆಚ್ಚುಕಡಿಮೆ ಇದೇ. ಆದರೆ ಈ ವಿವರಣೆ ಕೇಳಿದ ಕೂಡಲೇ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ, ಅಂದರೆ ಮುನ್ನೂರು ಜನ ಸಾಲಾಗಿ ಕುಳಿತು ವಿಡಿಯೊಗೆ ಮತ ಹಾಕುವ ಚಿತ್ರ, ಸರಿಯಲ್ಲ. ನಿಮ್ಮ ಗೊಂದಲದ ಬಹುಪಾಲು ಅಲ್ಲಿಂದಲೇ ಹುಟ್ಟಿದೆ.

ಈ ವ್ಯವಸ್ಥೆ ಏಕೆ ಬೇಕಾಯಿತು ಎಂಬಲ್ಲಿಂದ ಹೊರಡೋಣ. ಹಳೆಯ ವಿಡಿಯೊ ಯಾರಿಗೆ ಹಿಡಿಸಿತು, ಯಾರು ಬೆರಳಾಡಿಸಿ ಮುಂದೆ ಹೋದರು ಎಂಬ ದಾಖಲೆ ವೇದಿಕೆಯ ಬಳಿ ಇರುತ್ತದೆ. ಈಗಷ್ಟೇ ಹಾಕಿದ ವಿಡಿಯೊಗೆ ಅಂಥ ಚರಿತ್ರೆಯೇ ಇಲ್ಲ. ಈ ಕ್ಷೇತ್ರದವರು ಇದನ್ನು ‘ಕೋಲ್ಡ್ ಸ್ಟಾರ್ಟ್’ ಸಮಸ್ಯೆ ಎನ್ನುತ್ತಾರೆ. ಗೆದ್ದದ್ದು ಗೊತ್ತಿರುವ ವಿಡಿಯೊಗಳನ್ನೇ ಸದಾ ತೋರಿಸುತ್ತಿದ್ದರೆ ಹೊಸದು ಎಂದಿಗೂ ಬೆಳಕಿಗೆ ಬರುವುದಿಲ್ಲ. ಗೊತ್ತಿಲ್ಲದ್ದನ್ನೇ ತೋರಿಸುತ್ತಿದ್ದರೆ ನೋಡುವವರು ಬೇಸತ್ತು ಆ್ಯಪ್ ಮುಚ್ಚುತ್ತಾರೆ. ಆದ್ದರಿಂದ ಪ್ರತಿಯೊಬ್ಬರ ಫೀಡ್‌ನಲ್ಲಿ ಬಹುಪಾಲು ಜಾಗವನ್ನು ಭರವಸೆಯ ವಿಡಿಯೊಗಳಿಗೆ ಕೊಟ್ಟು, ಒಂದು ಚಿಕ್ಕ ಪಾಲನ್ನು ಇನ್ನೂ ಪರೀಕ್ಷೆಯಾಗದ ವಿಡಿಯೊಗಳಿಗೆ ಮೀಸಲಿಡುತ್ತಾರೆ.

ಈ ಲೆಕ್ಕಾಚಾರ ಮೊಬೈಲ್‌ಗಿಂತ ಬಹಳ ಹಳೆಯದು. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ಇನ್ನೂ ಖಚಿತವಾಗದಿದ್ದಾಗ, ಕೀಳು ಚಿಕಿತ್ಸೆಗೆ ಬಲಿಯಾಗುವ ರೋಗಿಗಳ ಸಂಖ್ಯೆ ಕಡಿಮೆಯಾಗುವಂತೆ ಹೇಗೆ ಹಂಚಬೇಕು ಎಂಬ ಪ್ರಶ್ನೆಯನ್ನು ವಿಲಿಯಂ ಥಾಂಪ್ಸನ್ 1933ರಲ್ಲೇ ಗಣಿತವಾಗಿ ಬಿಡಿಸಲು ಹೊರಟಿದ್ದರು. ಅವರ ಹೆಸರಿನ ವಿಧಾನ ಇಂದಿಗೂ ಶಿಫಾರಸು ವ್ಯವಸ್ಥೆಗಳ ಪಠ್ಯದಲ್ಲಿದೆ. ರೋಗಿಗಳ ಜಾಗದಲ್ಲಿ ಈಗ ಪ್ರೇಕ್ಷಕರ ತಾಳ್ಮೆ ಇದೆ, ಅಷ್ಟೇ.

ಇನ್ನು, ಆ ಕೆಲವರು ಯಾರು? ಕಣ್ಣುಮುಚ್ಚಿ ಆರಿಸಿದವರಲ್ಲ. ವಿಡಿಯೊ ಏರಿದೊಡನೆ ಅದರ ದೃಶ್ಯ, ಧ್ವನಿ, ಮಾತಿನ ಭಾಷೆ, ಪರದೆಯ ಮೇಲೆ ಬರೆದ ಪದಗಳು, ಶೀರ್ಷಿಕೆ, ಹ್ಯಾಶ್‌ಟ್ಯಾಗ್ ಇವೆಲ್ಲವನ್ನೂ ಯಂತ್ರ ಓದಿ, ಇದು ಯಾವ ಬಗೆಯ ವಿಡಿಯೊಗಳ ನೆರೆಹೊರೆಗೆ ಸೇರುತ್ತದೆ ಎಂದು ಅಂದಾಜು ಮಾಡುತ್ತದೆ. ನಿಮ್ಮ ಹಿಂದಿನ ವಿಡಿಯೊಗಳನ್ನು ಕೊನೆಯವರೆಗೆ ನೋಡಿದವರು ಯಾರು ಎಂಬುದೂ ಒಂದು ಸುಳಿವು. ಹೀಗೆ ನಲ್ಲಿ, ಪೈಪು, ಉಪಕರಣಗಳ ವಿಡಿಯೊ ನೋಡಿದ ಅಭ್ಯಾಸವಿರುವವರ ಫೀಡ್‌ಗಳಲ್ಲಿ ಒಂದೊಂದೇ ಜಾಗ ಸಿಗುತ್ತಾ ಹೋಗುತ್ತದೆ. ಎಲ್ಲರಿಗೂ ಒಮ್ಮೆಲೇ ತೋರಿಸಿ ಫಲಿತಾಂಶ ಘೋಷಿಸುವ ಕ್ರಮ ಇದಲ್ಲ. ಒಬ್ಬೊಬ್ಬರು ನೋಡಿದಂತೆಲ್ಲ ಅಂದಾಜು ತಿದ್ದಿಕೊಳ್ಳುತ್ತದೆ. ಟಿಕ್‌ಟಾಕ್‌ನ ಮಾತೃಸಂಸ್ಥೆ ಬೈಟ್‌ಡ್ಯಾನ್ಸ್‌ನ ಎಂಜಿನಿಯರ್‌ಗಳು 2022ರಲ್ಲಿ ಪ್ರಕಟಿಸಿದ ‘ಮೊನೊಲಿತ್’ ಎಂಬ ವ್ಯವಸ್ಥೆಯ ವಿವರಣೆಯಲ್ಲಿ, ಬಳಕೆದಾರರ ವರ್ತನೆಯಿಂದ ಕಲಿತದ್ದು ಶಿಫಾರಸು ಮಾಡುವ ಮಾದರಿಗೆ ನಿಮಿಷಗಳ ಅಂತರದಲ್ಲೇ ತಲುಪುವಂತೆ ಮಾಡಿದ್ದನ್ನು ಬರೆದಿದ್ದಾರೆ. 200, 300, 500 ಎಂಬ ಗೋಡೆಗಳ ಬಗ್ಗೆ ರಚನಕಾರರಲ್ಲಿ ಓಡಾಡುವ ಮಾತುಗಳಿಗೆ ಯಾವ ವೇದಿಕೆಯೂ ಮುದ್ರೆ ಒತ್ತಿಲ್ಲ. ವಿಡಿಯೊ ಒಂದು ಸಂಖ್ಯೆಯ ಬಳಿ ನಿಂತಂತೆ ಕಾಣುವುದು, ಪರೀಕ್ಷೆಗೆಂದು ಮೀಸಲಾದ ಜಾಗ ಮುಗಿದು, ಭರವಸೆಯ ವಿಡಿಯೊಗಳ ಸಾಲಿನಲ್ಲಿ ಅದಕ್ಕೆ ಇನ್ನೂ ಸ್ಥಾನ ಸಿಗದಿದ್ದಾಗ.

ಆ ಸ್ಥಾನ ಹೇಗೆ ಸಿಗುತ್ತದೆ ಎಂಬುದೇ ವಿಷಯದ ತಿರುಳು. 2021ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಟಿಕ್‌ಟಾಕ್‌ನ ಒಳಗಿನ ದಾಖಲೆಯೊಂದರ ಬಗ್ಗೆ ವರದಿ ಮಾಡಿತು. ಅದರಲ್ಲಿ ಅಂಕ ಹಾಕುವ ಕ್ರಮದ ಸರಳ ರೂಪ ಹೀಗಿತ್ತು:

```
Plike × Vlike + Pcomment × Vcomment + Eplaytime × Vplaytime + Pplay × Vplay
```

ಹೆದರಬೇಡಿ. P ಎಂದರೆ ಸಂಭವನೀಯತೆ, E ಎಂದರೆ ನಿರೀಕ್ಷಿತ ಪ್ರಮಾಣ, V ಎಂದರೆ ಆ ಕ್ರಿಯೆಗೆ ವೇದಿಕೆ ಕೊಡುವ ಬೆಲೆ. ಇಲ್ಲಿ ಗಮನಿಸಬೇಕಾದದ್ದು ಒಂದೇ. ಸೂತ್ರದಲ್ಲಿ ನಿಮ್ಮ ವಿಡಿಯೊಗೆ ಬಿದ್ದ ಲೈಕ್‌ಗಳ ಸಂಖ್ಯೆ ಎಲ್ಲಿಯೂ ಇಲ್ಲ. ಇರುವುದು ಮುಂದಿನ ಒಬ್ಬ ನಿರ್ದಿಷ್ಟ ಮನುಷ್ಯ ಲೈಕ್ ಮಾಡುವ ಸಂಭವ, ಆತ ಎಷ್ಟು ಸೆಕೆಂಡ್ ನೋಡಬಹುದು ಎಂಬ ಅಂದಾಜು. ಮೊದಲ ಮುನ್ನೂರು ಜನ ವಿಡಿಯೊಗೆ ತೀರ್ಪು ಕೊಡುವುದಿಲ್ಲ, ಮುನ್ನೂರ ಒಂದನೆಯವನ ಬಗೆಗಿನ ಅಂದಾಜನ್ನು ತಿದ್ದುತ್ತಾರೆ. ಆ ಅಂದಾಜು ಆತನಿಗೆ ತೋರಿಸಬಹುದಾದ ಇತರ ವಿಡಿಯೊಗಳ ಅಂದಾಜಿಗಿಂತ ಮೇಲಿದ್ದರೆ ನಿಮ್ಮದು ಕಾಣುತ್ತದೆ, ಇಲ್ಲದಿದ್ದರೆ ಇಲ್ಲ.

ನಿಮ್ಮ ನಲ್ಲಿಯ ವಿಡಿಯೊವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಳಗಿನ ಅಂಕಿಗಳನ್ನು ನೀವು ಕಳುಹಿಸಿಲ್ಲವಾದ್ದರಿಂದ ಸಂಖ್ಯೆಗಳು ನನ್ನ ಕಲ್ಪನೆ. 300 ವೀಕ್ಷಣೆಯೆಂದರೆ 300 ಬೇರೆ ಬೇರೆ ಜನ ಎಂದೂ ಇಟ್ಟುಕೊಳ್ಳೋಣ. ಅವರಲ್ಲಿ 120 ಜನ ಎರಡು ಸೆಕೆಂಡ್ ನೋಡಿ ಮುಂದೆ ಸರಿಸಿದರು. 100 ಜನ ಸುಮಾರು 10 ಸೆಕೆಂಡ್ ನಿಂತರು. 60 ಜನ ಪೂರ್ತಿ 25 ಸೆಕೆಂಡ್ ನೋಡಿದರು. ಉಳಿದ 20 ಜನ, ವಾಷರ್ ಕೂರಿಸುವ ಭಾಗ ಸರಿಯಾಗಿ ತಿಳಿಯಲೆಂದೋ ಏನೋ, ಎರಡು ಬಾರಿ ನೋಡಿದರು, ಅಂದರೆ 50 ಸೆಕೆಂಡ್. ಎಲ್ಲ ಸೇರಿ 3,740 ಸೆಕೆಂಡ್, ತಲೆಗೆ ಸುಮಾರು 12.5 ಸೆಕೆಂಡ್.

ಇದು ಒಳ್ಳೆಯದೋ ಕೆಟ್ಟದ್ದೋ? ಹೋಲಿಕೆಯಿಲ್ಲದೆ ಹೇಳಲಾಗದು. 60 ಸೆಕೆಂಡಿನ ವಿಡಿಯೊಗೆ 12.5 ಸೆಕೆಂಡ್ ಬಡ ಫಲಿತಾಂಶ, 10 ಸೆಕೆಂಡಿನದಕ್ಕೆ ಅದ್ಭುತ. ಉದ್ದನೆಯ ವಿಡಿಯೊ ಸುಮ್ಮನೆ ಉದ್ದವಿದ್ದ ಕಾರಣಕ್ಕೇ ಹೆಚ್ಚು ಸೆಕೆಂಡ್ ಗಳಿಸಿಬಿಡುತ್ತದೆ ಎಂಬ ಪಕ್ಷಪಾತವನ್ನು ಸರಿಪಡಿಸಲು, ವಿಡಿಯೊಗಳನ್ನು ಉದ್ದದ ಪ್ರಕಾರ ಗುಂಪು ಮಾಡಿ ಆಯಾ ಗುಂಪಿನೊಳಗೇ ಹೋಲಿಸುವ ವಿಧಾನವನ್ನು ಚೀನಾದ ಕಿರುವಿಡಿಯೊ ವೇದಿಕೆ ಕ್ವಾಯ್‌ಶೋದ ವಿಡಿಯೊಗಳ ಮೇಲೆ ಪ್ರಯೋಗಿಸಿದ ಸಂಶೋಧನೆ 2022ರಲ್ಲಿ ಪ್ರಕಟವಾಗಿದೆ. ನಾವೂ ಹಾಗೇ ಮಾಡೋಣ. ಇದೇ ಬಗೆಯ ಪ್ರೇಕ್ಷಕರು 20ರಿಂದ 30 ಸೆಕೆಂಡಿನ ವಿಡಿಯೊಗಳನ್ನು ಸರಾಸರಿ 11 ಸೆಕೆಂಡ್ ನೋಡುತ್ತಾರೆ ಎಂದುಕೊಳ್ಳಿ. ನಿಮ್ಮದು ಒಂದೂವರೆ ಸೆಕೆಂಡ್ ಮುಂದಿದೆ. ಅಂದಾಜು ಮೇಲೇರುತ್ತದೆ, ಬಾಗಿಲು ತೆರೆಯಬೇಕು.

ಈಗ ಇದೇ ವಿಡಿಯೊ ಮೊದಲ ಸುತ್ತು ದಾಟಿ ಮೂರು ಸಾವಿರ ಜನರ ಮುಂದೆ ಬಂದಿತು ಎನ್ನಿ. ಇವರು ಮೊದಲಿನವರಷ್ಟು ಹತ್ತಿರದವರಲ್ಲ. ದುರಸ್ತಿಯ ವಿಡಿಯೊ ಅಪರೂಪಕ್ಕೊಮ್ಮೆ ನೋಡುವವರು, ನಲ್ಲಿ ಸೋರದವರು, ಸೋರಿದರೂ ಬೇರೆಯವರನ್ನು ಕರೆಸುವವರು. ಸರಾಸರಿ 9 ಸೆಕೆಂಡಿಗೆ ಇಳಿಯುತ್ತದೆ. ಇವರ ಫೀಡ್‌ನಲ್ಲಿ ಇದರೊಡನೆ ಸ್ಪರ್ಧಿಸುತ್ತಿರುವ ವಿಡಿಯೊಗಳು 9.5 ಸೆಕೆಂಡ್ ತರುತ್ತಿದ್ದರೆ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ವಿಡಿಯೊ ಕೆಟ್ಟದಾಯಿತೇ? ಇಲ್ಲ, ಅದರ ಜನ ಮುಗಿದರು. 300ಕ್ಕೆ ನಿಂತರೂ 3,000ಕ್ಕೆ ನಿಂತರೂ 40 ಸಾವಿರಕ್ಕೆ ನಿಂತರೂ ಕಾರಣದ ರೂಪ ಇದೇ, ಮುಂದಿನ ವೃತ್ತದವರ ಅಂದಾಜು ಅಲ್ಲಿನ ಪೈಪೋಟಿಗೆ ಸಾಲಲಿಲ್ಲ. ಹೊರಗಿನ ವೃತ್ತಗಳಲ್ಲಿ ನೋಡಿದ ಸಮಯದ ಜೊತೆಗೆ ಇನ್ನೊಂದು ಅಂಶ ಬಲ ಪಡೆಯುತ್ತದೆ. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಂ ಮೊಸ್ಸೇರಿ 2025ರ ಜನವರಿಯಲ್ಲಿ ಹೇಳಿದ ಪ್ರಕಾರ ಮುಖ್ಯ ಸೂಚಕಗಳು ಮೂರು: ನೋಡಿದ ಸಮಯ, ಲೈಕ್, ಮತ್ತು ಬೇರೆಯವರಿಗೆ ಕಳುಹಿಸಿದ್ದು. ಫಾಲೋವರ್‌ಗಳ ನಡುವೆ ಲೈಕ್ ಸ್ವಲ್ಪ ಹೆಚ್ಚು ತೂಗುತ್ತದೆ, ಪರಿಚಯವಿಲ್ಲದವರನ್ನು ತಲುಪುವುದರಲ್ಲಿ ಕಳುಹಿಸಿದ್ದು ಹೆಚ್ಚು ತೂಗುತ್ತದೆ. ನಿಮ್ಮ 40 ಸಾವಿರದ ವಿಡಿಯೊವನ್ನು ಎಷ್ಟು ಜನ ಯಾರಿಗೋ ಕಳುಹಿಸಿದ್ದರು ಎಂದು ತೆರೆದು ನೋಡಿ, ಬಹುಶಃ ಅಲ್ಲಿ ಉತ್ತರವಿದೆ. ಮಾಡಲು ಪಟ್ಟ ಶ್ರಮಕ್ಕೆ ಈ ಸೂತ್ರದಲ್ಲಿ ಅಕ್ಷರವೇ ಇಲ್ಲ. ನೋವಾದರೂ ಸತ್ಯ.

ಹಾಗಿದ್ದರೆ 12.5 ಸೆಕೆಂಡ್ ತಂದ ವಿಡಿಯೊ 300ಕ್ಕೇ ಏಕೆ ನಿಲ್ಲಬಹುದು? ಇಲ್ಲಿ ಅದೃಷ್ಟದ ಲೆಕ್ಕ ಬರುತ್ತದೆ. ಬಹುಮಂದಿ ಇದನ್ನು ಬಿಟ್ಟು ಉಳಿದೆಲ್ಲ ಕಾರಣಗಳನ್ನು ಹುಡುಕುತ್ತಾರೆ. ನಮ್ಮ ಉದಾಹರಣೆಯಲ್ಲಿ ಒಬ್ಬರು 2 ಸೆಕೆಂಡ್ ನೋಡಿದರೆ ಇನ್ನೊಬ್ಬರು 50 ಸೆಕೆಂಡ್ ನೋಡಿದ್ದಾರೆ. ಇಷ್ಟು ಚದುರಿದ ಅಂಕಿಗಳ ಸರಾಸರಿಯನ್ನು 300 ಜನರಿಂದ ತೆಗೆದರೆ ಅದರಲ್ಲಿ ಸುಮಾರು ಒಂದೂವರೆ ಸೆಕೆಂಡಿನ ಏರುಪೇರು ಇದ್ದೇ ಇರುತ್ತದೆ. (ಲೆಕ್ಕ ಬೇಕೆನ್ನುವವರಿಗೆ: ಪ್ರಮಾಣ ವಿಚಲನೆ ಸುಮಾರು 13 ಸೆಕೆಂಡ್, ಅದನ್ನು 300ರ ವರ್ಗಮೂಲದಿಂದ ಭಾಗಿಸಿ ಎರಡರಿಂದ ಗುಣಿಸಿದರೆ 1.5.) ಅಂದರೆ ಇದೇ ವಿಡಿಯೊವನ್ನು ಇದೇ ಬಗೆಯ ಬೇರೆ 300 ಜನರಿಗೆ ತೋರಿಸಿದ್ದರೆ ಸರಾಸರಿ 11ಕ್ಕೂ ಬರಬಹುದಿತ್ತು, 14ಕ್ಕೂ ಹೋಗಬಹುದಿತ್ತು. 14 ಬಂದರೆ ವಿಡಿಯೊ ಓಡುತ್ತದೆ. 11 ಬಂದರೆ ಅದು ಎಲ್ಲರಂತೆ ಒಂದು, ಕ್ಯೂನಲ್ಲಿ ಹಿಂದೆ. ವಿಡಿಯೊದಲ್ಲಿ ಒಂದು ಚೌಕಟ್ಟೂ ಬದಲಾಗಿಲ್ಲ!

ವ್ಯವಸ್ಥೆಗೆ ಈ ಏರುಪೇರು ಗೊತ್ತಿಲ್ಲವೆಂದಲ್ಲ. ಸಂಶಯವಿರುವ ವಿಡಿಯೊಗೆ ಇನ್ನಷ್ಟು ಅವಕಾಶ ಕೊಡುವುದೇ ಥಾಂಪ್ಸನ್ ವಿಧಾನದ ಜಾಣತನ. ಆದರೆ ಪರೀಕ್ಷೆಯ ಜಾಗ ಸೀಮಿತ, ಕಾಯುತ್ತಿರುವ ಹೊಸ ವಿಡಿಯೊಗಳು ಅಪಾರ. ಒಂದೊಂದಕ್ಕೂ ಹತ್ತು ಸಾವಿರ ಪ್ರೇಕ್ಷಕರನ್ನು ಖರ್ಚು ಮಾಡಿ ಖಚಿತಪಡಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ಕೆಲವು ಒಳ್ಳೆಯ ವಿಡಿಯೊಗಳು ಕೈತಪ್ಪಿ ಹೋಗುತ್ತವೆ ಎಂಬುದನ್ನು ವೇದಿಕೆ ತಿಳಿದೇ ಒಪ್ಪಿಕೊಂಡಿರುತ್ತದೆ. ಅದರ ದೃಷ್ಟಿಯಲ್ಲಿ ಅದು ಅಗ್ಗದ ನಷ್ಟ, ನಿಮ್ಮ ದೃಷ್ಟಿಯಲ್ಲಿ ಒಂದು ದಿನದ ಕೆಲಸ.

ಅದೃಷ್ಟವಲ್ಲದೆ ಇನ್ನೊಂದು ಕಾರಣವೂ ಇದೆ, ಅದು ನಿಮ್ಮ ಕೈಯಲ್ಲಿರುವಂಥದ್ದು: ಮೊದಲ ಗುಂಪೇ ತಪ್ಪಾಗಿ ಆಯ್ಕೆಯಾಗುವುದು. ನಲ್ಲಿಯ ವಿಡಿಯೊಗೆ ಜನಪ್ರಿಯ ಹಾಸ್ಯದ ಧ್ವನಿತುಣುಕು ಹಾಕಿ, ವಾಷರ್ ಎಂಬ ಪದವನ್ನು ಎಲ್ಲಿಯೂ ಬರೆಯದೆ, ಯಾವುದೋ ಓಡುತ್ತಿರುವ ಹ್ಯಾಶ್‌ಟ್ಯಾಗ್ ಅಂಟಿಸಿದರೆ ಯಂತ್ರ ಅದನ್ನು ಹಾಸ್ಯದ ವಿಡಿಯೊಗಳ ನೆರೆಹೊರೆಯಲ್ಲಿ ಕೂರಿಸುವ ಸಾಧ್ಯತೆ ಇದೆ. ನಗಲು ಬಂದವರಿಗೆ ಪಾನಾ ಹಿಡಿದ ಕೈ ಕಂಡರೆ ಎರಡೇ ಸೆಕೆಂಡಿನಲ್ಲಿ ಹೊರಡುತ್ತಾರೆ. ಫಾಲೋವರ್‌ಗಳು ಹಿಂದೆ ಬೇರೆ ವಿಷಯಕ್ಕಾಗಿ ಸೇರಿದ್ದರೂ ಹೀಗೇ ಆಗುತ್ತದೆ. ಪರಿಚಿತರಿಗೆಲ್ಲ ಕೊಂಡಿ ಕಳುಹಿಸಿ ‘ಒಮ್ಮೆ ನೋಡಿ’ ಎಂದು ಕೇಳಿಕೊಳ್ಳುವುದನ್ನು ನಾನು ಇದೇ ಪಟ್ಟಿಗೆ ಸೇರಿಸುತ್ತೇನೆ. ಅವರು ನೋಡುವುದು ನಿಮಗಾಗಿ, ನಲ್ಲಿಗಾಗಿ ಅಲ್ಲ. ಅವರ ಆಸಕ್ತಿಗಳನ್ನು ನೋಡಿ ಯಂತ್ರ ಮುಂದಿನವರನ್ನು ಹುಡುಕಿದರೆ ಸಿಗುವುದು ನಲ್ಲಿಗೆ ಸಂಬಂಧವೇ ಇಲ್ಲದವರು.

ತಪ್ಪು ಗುಂಪೋ, ದುರ್ಬಲ ವಿಡಿಯೊವೋ ಎಂದು ತಿಳಿಯುವುದು ಅಂಕಿಅಂಶದ ಪುಟದಲ್ಲಿರುವ ವೀಕ್ಷಣೆಯ ಗೆರೆಯಿಂದ, ಅಂದರೆ ಪ್ರತಿ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ತೋರಿಸುವ ರೇಖಾಚಿತ್ರದಿಂದ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಗೆರೆ ಕಡಿದು ಬಿದ್ದು, ಆಮೇಲೆ ಕೊನೆಯವರೆಗೆ ಹೆಚ್ಚುಕಡಿಮೆ ಸಮತಟ್ಟಾಗಿ ಹೋಗಿದ್ದರೆ, ಉಳಿದವರಿಗೆ ವಿಡಿಯೊ ಹಿಡಿಸಿದೆ. ಆದರೆ ಉಳಿಯದವರನ್ನು ಬಹಳ ಕರೆತಂದಿದ್ದಾರೆ, ಅಥವಾ ಆರಂಭ ವಿಷಯವನ್ನು ಹೇಳುತ್ತಿಲ್ಲ. ಈ ಎರಡನ್ನು ಗೆರೆಯೊಂದರಿಂದಲೇ ಬೇರ್ಪಡಿಸಲಾಗದು, ಶೀರ್ಷಿಕೆ ಮತ್ತು ಮೊದಲ ದೃಶ್ಯವನ್ನು ನೀವೇ ಅಪರಿಚಿತರಂತೆ ನೋಡಬೇಕು. ಗೆರೆ ಮೊದಲಿಗೆ ಚೆನ್ನಾಗಿದ್ದು ಮಧ್ಯದಲ್ಲಿ, ಹನ್ನೊಂದನೆಯ ಸೆಕೆಂಡಿನ ಬಳಿ ಎನ್ನಿ, ಜಾರಿದ್ದರೆ ದೋಷ ಆ ಸೆಕೆಂಡಿನಲ್ಲಿದೆ. ಅಲ್ಲಿ ನೀವು ಉಪಕರಣ ಹುಡುಕುತ್ತಿದ್ದಿರಬಹುದು, ಕೈ ಅಡ್ಡ ಬಂದಿರಬಹುದು. ಇದಕ್ಕೂ ಪ್ರೇಕ್ಷಕರ ಆಯ್ಕೆಗೂ ಸಂಬಂಧವಿಲ್ಲ.

ಒಂದು ಎಚ್ಚರಿಕೆ. ವೀಕ್ಷಣೆಯ ಸಂಖ್ಯೆಯನ್ನು ಎಲ್ಲೆಡೆ ಒಂದೇ ಬಗೆಯಲ್ಲಿ ಎಣಿಸುವುದಿಲ್ಲ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಓಡಲು ಶುರುವಾದರೆ ಸಾಕು, ಮರುಓಟವಾದರೂ ಸರಿ, ಒಂದು ವೀಕ್ಷಣೆ. ಹಳೆಯ ರೀತಿಯ ಎಣಿಕೆ ಈಗ Engaged views ಎಂಬ ಬೇರೆ ಹೆಸರಿನಲ್ಲಿದೆ. ಆದ್ದರಿಂದ ಎರಡು ವೇದಿಕೆಗಳ ‘300’ ಒಂದೇ ಅಲ್ಲ, ಅದೇ ವೇದಿಕೆಯ ಹಿಂದಿನ ವರ್ಷದ ವಿಡಿಯೊ ಜೊತೆಗಿನ ಹೋಲಿಕೆಯೂ ದಾರಿ ತಪ್ಪಿಸಬಹುದು.

ಖಾತೆಯನ್ನು ತಡೆಹಿಡಿದಿದ್ದಾರೆಯೇ ಎಂಬ ಅನುಮಾನಕ್ಕೆ ಉತ್ತರ ಚಿಕ್ಕದು. ಆ 300 ಜನರಲ್ಲಿ ಫಾಲೋವರ್ ಅಲ್ಲದವರು ಎಷ್ಟು ಎಂದು ನೋಡಿ. ಗಣನೀಯ ಸಂಖ್ಯೆಯಲ್ಲಿ ಇದ್ದರೆ ವಿಡಿಯೊ ಪರೀಕ್ಷೆಗೆ ಹೋಗಿತ್ತು, ತಡೆ ಇಲ್ಲ. ಒಂದಾದ ಮೇಲೊಂದು ವಿಡಿಯೊದಲ್ಲಿ ಅವರ ಸಂಖ್ಯೆ ಸೊನ್ನೆಯ ಆಸುಪಾಸಿನಲ್ಲೇ ಇದ್ದರೆ ಅದು ಪರೀಕ್ಷೆಯಲ್ಲಿ ಸೋತದ್ದಲ್ಲ, ಪರೀಕ್ಷೆಗೇ ಕೂರಿಸದೆ ಇದ್ದದ್ದು. ಆಗ ಇನ್‌ಸ್ಟಾಗ್ರಾಂನಲ್ಲಿ Account Status ಎಂಬ ಪುಟ ತೆರೆದು, ನಿಮ್ಮ ವಿಡಿಯೊಗಳು ಅಪರಿಚಿತರಿಗೆ ಶಿಫಾರಸಾಗಲು ಅರ್ಹವೇ ಎಂದು ನೋಡಬೇಕು. ಬೇರೆ ಆ್ಯಪ್‌ನ ವಾಟರ್‌ಮಾರ್ಕ್ ಉಳಿದಿರುವ ವಿಡಿಯೊವನ್ನು ಹಾಗೆಯೇ ಏರಿಸುವುದು ಇಂಥ ತಡೆಗೆ ಒಂದು ಸಾಮಾನ್ಯ ಕಾರಣ. ನೀವು ಹೇಳಿದ ಲಕ್ಷಣಗಳಲ್ಲಿ ತಡೆಯ ಗುರುತು ನನಗೆ ಕಾಣುತ್ತಿಲ್ಲ.

ಕೊನೆಯದಾಗಿ, ಅಳಿಸಿ ಮತ್ತೆ ಹಾಕುವ ವಿಚಾರ. ಹಾಗೆ ಮಾಡಿದ ಕೆಲವರಿಗೆ ಎರಡನೆಯ ಸಲ ವಿಡಿಯೊ ಓಡಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮೇಲಿನ ಒಂದೂವರೆ ಸೆಕೆಂಡಿನ ಏರುಪೇರೇ ಅದಕ್ಕೆ ಸಾಕು. ಓಡದವರು ಸುದ್ದಿ ಮಾಡುವುದಿಲ್ಲ, ಅಷ್ಟೇ. ಅಳಿಸಿದರೆ ಆ 300 ಜನರಿಂದ ಯಂತ್ರ ಆ ವಿಡಿಯೊ ಬಗ್ಗೆ ಕಲಿತದ್ದೂ, ಅದರ ಕೊಂಡಿಯನ್ನು ಯಾರಾದರೂ ಕಳುಹಿಸಿಕೊಂಡಿದ್ದರೆ ಅದೂ ಹೋಗುತ್ತದೆ. ಜೊತೆಗೆ, ನಿಂತ ವಿಡಿಯೊ ವಾರಗಳ ನಂತರ ಎದ್ದು ಓಡುವುದುಂಟು. ನೆರೆಯ ವಿಡಿಯೊಂದು ಗೆದ್ದು ಅದರ ಪ್ರೇಕ್ಷಕರಿಗೆ ನಿಮ್ಮದೂ ಸರಿಹೊಂದುವುದೆಂಬ ಅಂದಾಜು ಆಮೇಲೆ ಮೂಡಬಹುದು. ಅಳಿಸಿದ ವಿಡಿಯೊಗೆ ಆ ದಾರಿ ಮುಚ್ಚಿದಂತೆ.

ನಾನಾಗಿದ್ದರೆ ಹಳೆಯದನ್ನು ಇದ್ದಲ್ಲೇ ಬಿಡುತ್ತೇನೆ. ಅದೇ ಕೆಲಸದ ಹೊಸ ಆವೃತ್ತಿಯೊಂದನ್ನು ಕತ್ತರಿಸುತ್ತೇನೆ: ಮೊದಲ ಚೌಕಟ್ಟಿನಲ್ಲೇ ತೊಟ್ಟಿಕ್ಕುವ ನಲ್ಲಿ, ಅದರ ಮೇಲೆ ‘ನಲ್ಲಿ ಸೋರುತ್ತಿದೆಯೇ? ವಾಷರ್ ಬದಲಿಸಿ’ ಎಂಬ ಸಾಲು, ನಿಮ್ಮದೇ ಧ್ವನಿ. ಉಳಿದ ಭಾಗವನ್ನು ಮುಟ್ಟುವುದಿಲ್ಲ, ಏಕೆಂದರೆ ಏನು ಬದಲಾದದ್ದರಿಂದ ಏನಾಯಿತು ಎಂದು ತಿಳಿಯಬೇಕು. ನಿಮ್ಮ ಖಾತೆಗೆ ಇನ್‌ಸ್ಟಾಗ್ರಾಂನ Trial reels ಸೌಲಭ್ಯವಿದ್ದರೆ ಅದನ್ನು ಬಳಸಿ. 2024ರ ಡಿಸೆಂಬರ್‌ನಲ್ಲಿ ಬಂದ ಇದು ವಿಡಿಯೊವನ್ನು ಮೊದಲು ಫಾಲೋವರ್ ಅಲ್ಲದವರಿಗಷ್ಟೇ ತೋರಿಸುತ್ತದೆ. ಸುಮಾರು ಒಂದು ದಿನದಲ್ಲಿ ಅಂಕಿಗಳು ಸಿಗುತ್ತವೆ, ಬೇಕಿದ್ದರೆ ಮೊದಲ 72 ಗಂಟೆಗಳಲ್ಲಿ ಚೆನ್ನಾಗಿ ನಡೆದದ್ದು ತಾನಾಗಿಯೇ ಎಲ್ಲರಿಗೂ ಹೋಗುವಂತೆ ಇಡಬಹುದು. ಎರಡು ಆವೃತ್ತಿಗಳನ್ನು ಹೋಲಿಸುವಾಗ ಒಟ್ಟು ವೀಕ್ಷಣೆಯನ್ನು ಬದಿಗಿಟ್ಟು, ಮೂರನೆಯ ಸೆಕೆಂಡಿನಲ್ಲಿ ನೂರಕ್ಕೆ ಎಷ್ಟು ಜನ ಉಳಿದಿದ್ದರು ಎಂಬುದನ್ನು ನೋಡಿ. ನಮ್ಮ ಉದಾಹರಣೆಯಲ್ಲಿ ಅದು 60 ಆಗಿತ್ತು. 300 ಜನರ ಗುಂಪಿನಲ್ಲಿ ಈ ಅಂಕಿ ಐದಾರು ಮೇಲೆ ಕೆಳಗೆ ಆಡುವುದು ಸಹಜ. ಹೊಸದರಲ್ಲಿ 63 ಬಂದರೆ ಏನೂ ತಿಳಿದಂತಾಗಲಿಲ್ಲ. 75 ಬಂದರೆ ಆರಂಭ ಸುಧಾರಿಸಿದೆ ಎಂದು ಧೈರ್ಯವಾಗಿ ಹೇಳಬಹುದು, ಆ ವಿಡಿಯೊ ಮತ್ತೆ 300ಕ್ಕೇ ನಿಂತರೂ ಸಹ.